ಸಾಕ್ಷಿ ಹೇಳಿದ್ದು ಒಂದು, ದಾಖಲಾದದ್ದು ಇನ್ನೊಂದು: ಕೋರ್ಟಿನಲ್ಲಿ ದುಭಾಷಿ ಯಾಕೆ ಒಂದು ಪದವನ್ನೂ ತಿದ್ದಬಾರದು?

"ಸಾಕ್ಷಿ ಉಲ್ಟಾ ಹೊಡೆದ", "ಪೊಲೀಸರ ಮುಂದೆ ಒಂದು, ಜಡ್ಜ್ ಮುಂದೆ ಇನ್ನೊಂದು" ಎಂಬ ಸಂದೇಶಗಳು ಆಗಾಗ ನಮ್ಮ ವಾಟ್ಸಾಪ್ ಗುಂಪುಗಳಿಗೆ ಬರುತ್ತವೆ. ಅದರ ಕೆಳಗೆ "ದುಡ್ಡು ತಿಂದಿರಬೇಕು" ಎಂದು ಯಾರಾದರೂ ಬರೆದೇ ಬರೆಯುತ್ತಾರೆ. ಹಾಗೆ ಆಗುವುದೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಆದರೆ ಸಾಕ್ಷಿ ಮೊದಲಿನಿಂದ ಕೊನೆಯವರೆಗೆ ಒಂದೇ ಮಾತು ಹೇಳಿ, ನಡುವೆ ಅದನ್ನು ಭಾಷಾಂತರಿಸಿದವರು ಬದಲಿಸಿದ್ದರೆ? ಆಗಲೂ ಹೊರಗಿನವರಿಗೆ ಕಾಣುವುದು "ಉಲ್ಟಾ ಹೊಡೆದ ಸಾಕ್ಷಿ"ಯೇ.

ಬೆಳಗಾವಿ ಜಿಲ್ಲೆಯಂಥ ಕಡೆ ಇದು ದೂರದ ಮಾತಲ್ಲ. ಗೋಕಾಕ ತಾಲ್ಲೂಕಿನ ಧುಪದಾಳದ ಸುತ್ತ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಹಂಗಾಮು ಶುರುವಾದರೆ ಮಹಾರಾಷ್ಟ್ರದ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಅವರಲ್ಲಿ ಅನೇಕರಿಗೆ ಮರಾಠಿ ಬಿಟ್ಟು ಬೇರೆ ಭಾಷೆ ಬಾರದು. ಇಲ್ಲಿನ ಕೆಳ ನ್ಯಾಯಾಲಯಗಳ ಭಾಷೆ ಕನ್ನಡ. ಅಂಥವರಲ್ಲೊಬ್ಬರು ಕಟಕಟೆ ಹತ್ತಿದರೆ ನಡುವೆ ದುಭಾಷಿ ನಿಲ್ಲಲೇಬೇಕು.

ದುಭಾಷಿಯ ಬಗ್ಗೆ ಬಹಳ ಜನರಲ್ಲಿ ಒಂದು ನಂಬಿಕೆ ಇದೆ: "ಸಾಕ್ಷಿ ಹೇಳಿದ್ದರ ತಾತ್ಪರ್ಯ ಹೇಳಿದರೆ ಸಾಕು. ಹಳ್ಳಿಯವರು ಅಡ್ಡಾದಿಡ್ಡಿ ಮಾತಾಡಿದರೆ ಅದನ್ನು ಸರಿಮಾಡಿ ಹೇಳುವುದೇ ಒಳ್ಳೆಯ ದುಭಾಷಿಯ ಕೆಲಸ." ಈ ನಂಬಿಕೆ ತಪ್ಪು. ಯಾಕೆ ತಪ್ಪು ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡೋಣ.

ಐದು ವಾಕ್ಯಗಳ ಒಂದು ಉತ್ತರ

ಇದು ನಾವು ಕಟ್ಟಿಕೊಂಡ ಪ್ರಕರಣ, ನಿಜವಾಗಿ ನಡೆದದ್ದಲ್ಲ. ಧುಪದಾಳದ ಕಾಲುವೆ ಪಕ್ಕದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಡ್ರೈವರ್‌ಗೂ ಗ್ಯಾಂಗಿನ ಮುಕಾದಮನಿಗೂ ಜಗಳವಾಯಿತು. ಮುಕಾದಮನಿಗೆ ಪೆಟ್ಟಾಯಿತು, ಮೂರು ದಿನದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡ. ಡ್ರೈವರ್ ಮೇಲೆ ಕೊಲೆ ಆರೋಪ. ಆ ಹೊತ್ತಿಗೆ ಪಕ್ಕದ ಹೊಲದಲ್ಲಿದ್ದ ಒಬ್ಬ ಕೂಲಿ ಹೆಣ್ಣುಮಗಳು ಸಾಕ್ಷಿ. ಆಕೆಗೆ ಮರಾಠಿ ಮಾತ್ರ ಬರುತ್ತದೆ.

ಸರ್ಕಾರಿ ವಕೀಲರು ಕೇಳುತ್ತಾರೆ: "ಬಾಯಿ, ಆವತ್ತು ನೀವು ಏನು ನೋಡಿದಿರಿ?"

ಆಕೆ ಹೇಳುತ್ತಾಳೆ: "ದಿವಸ ಮಾವಳತ ಹೋತಾ. ಮೀ ಮೋಳ್ಯಾ ಬಾಂಧತ ಹೋತೇ. ಆರಡಾಓರಡಾ ಐಕೂ ಆಲಾ. ಡ್ರಾಯವ್ಹರನಂ ಮುಕಾದಮಾಲಾ ಮಾರಲಂ. ಕೊಯತಾ ತ್ಯಾಚ್ಯಾ ಹಾತಾತ ಹೋತಾ ಮ್ಹಣೇ."

ಎರಡೂ ಭಾಷೆ ಚೆನ್ನಾಗಿ ಬಲ್ಲ, ಆದರೆ ಈ ಕೆಲಸದ ಶಿಸ್ತು ತಿಳಿಯದ ಒಬ್ಬರು ದುಭಾಷಿಯಾಗಿ ನಿಂತಿದ್ದಾರೆ ಎಂದುಕೊಳ್ಳಿ. ಅವರು ಕನ್ನಡದಲ್ಲಿ ಹೀಗೆ ಹೇಳುತ್ತಾರೆ: "ಸಂಜೆ ಆರೂವರೆ ಸುಮಾರಿಗೆ ಡ್ರೈವರ್ ಕೊಯ್ತಾದಿಂದ ಮುಕಾದಮನನ್ನು ಹೊಡೆದದ್ದನ್ನು ನೋಡಿದೆ ಅಂತಾಳ್ರೀ ಸಾಹೇಬ್ರ."

ಕೇಳಿದರೆ ಚೊಕ್ಕಟವಾದ ವಾಕ್ಯ. ಟೈಪಿಸ್ಟ್‌ಗೂ ಸಲೀಸು. ಆದರೆ ಇದು ಆ ಹೆಣ್ಣುಮಗಳು ಹೇಳಿದ ಮಾತಲ್ಲ. ಒಂದೊಂದಾಗಿ ಬಿಡಿಸೋಣ.

ಆಕೆ ಹೇಳಿದ್ದು "ಹೊತ್ತು ಮುಳುಗುತ್ತಿತ್ತು" ಎಂದು. ಗಡಿಯಾರದ ಸಮಯ ಹೇಳಲಿಲ್ಲ. ಕಬ್ಬಿನ ಹಂಗಾಮು ಚಳಿಗಾಲದಲ್ಲಿ ನಡೆಯುತ್ತದೆ, ಡಿಸೆಂಬರ್‌ನಲ್ಲಿ ನಮ್ಮ ಕಡೆ ಆರು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಆರೂವರೆಗೆ ಹೊಲದಲ್ಲಿ ಕತ್ತಲು ಕವಿಯುತ್ತಿರುತ್ತದೆ. ಪಾಟೀ ಸವಾಲಿನಲ್ಲಿ ಎದುರಿನ ವಕೀಲರು "ಆರೂವರೆಗೆ ಅಷ್ಟು ದೂರದಿಂದ ನಿಮಗೆ ಮುಖ ಹೇಗೆ ಕಂಡಿತು?" ಎಂದು ಕೇಳಿದರೆ, ಆಕೆ ಹೇಳದ ಸಮಯಕ್ಕೆ ಆಕೆಯೇ ಉತ್ತರ ಕೊಡಬೇಕಾಗುತ್ತದೆ.

"ಕಬ್ಬಿನ ಹೊರೆ ಕಟ್ಟುತ್ತಿದ್ದೆ" ಎಂಬ ಮಾತು ಪೂರ್ತಿ ಬಿದ್ದೇ ಹೋಯಿತು. ದುಭಾಷಿಗೆ ಅದು ಸಂಬಂಧವಿಲ್ಲದ ಮಾತು ಅನ್ನಿಸಿರಬೇಕು. ಆದರೆ ಹೊರೆ ಕಟ್ಟುವವರು ಬಗ್ಗಿರುತ್ತಾರೆ, ಅವರ ಕಣ್ಣು ನೆಲದ ಮೇಲಿರುತ್ತದೆ. ಆಕೆ ಮೊದಲ ಪೆಟ್ಟನ್ನು ನೋಡಿದಳೋ ಇಲ್ಲವೋ ಎಂಬುದಕ್ಕೆ ಇದೇ ದೊಡ್ಡ ಸುಳಿವು. ಅದರ ಮುಂದಿನ ಮಾತು "ಚೀರಾಟ ಕೇಳಿಬಂತು" ಎಂಬುದು. ಅಂದರೆ ಮೊದಲು ಕಿವಿಗೆ ಬಿತ್ತು. "ನೋಡಿದೆ" ಎಂಬ ಪದವನ್ನು ಆಕೆ ಎಲ್ಲಿಯೂ ಬಳಸಿಲ್ಲ. ವಕೀಲರ ಪ್ರಶ್ನೆಯಲ್ಲಿದ್ದ "ನೋಡಿದಿರಿ" ಎಂಬ ಪದವನ್ನು ದುಭಾಷಿ ಆಕೆಯ ಬಾಯಿಗೆ ಹಾಕಿದರು.

ನಾಲ್ಕನೆಯದು "ಮಾರಲಂ". ಮರಾಠಿಯಲ್ಲಿ ಇದಕ್ಕೆ "ಹೊಡೆದ" ಎಂದೂ ಆಗುತ್ತದೆ, "ಕೊಂದ" ಎಂದೂ ಆಗುತ್ತದೆ. ದುಭಾಷಿ ಮನಸ್ಸಿನಲ್ಲೇ ಒಂದನ್ನು ಆರಿಸಿಕೊಂಡರು. ಕೊಲೆ ಪ್ರಕರಣದಲ್ಲಿ ಈ ಎರಡರ ನಡುವಿನ ಅಂತರ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಐದನೆಯ ವಾಕ್ಯದಲ್ಲಿ ಎರಡು ಪೆಟ್ಟು ಬಿದ್ದಿವೆ. ಕೊಯ್ತಾ "ತ್ಯಾಚ್ಯಾ ಹಾತಾತ", ಅಂದರೆ "ಅವನ ಕೈಯಲ್ಲಿ" ಇತ್ತು ಎಂದಳು. ಯಾರ ಕೈಯಲ್ಲಿ? ಡ್ರೈವರ್ ಕೈಯಲ್ಲೋ, ಮುಕಾದಮನ ಕೈಯಲ್ಲೋ? ಮುಕಾದಮನ ಕೈಯಲ್ಲಿದ್ದರೆ ಡ್ರೈವರ್ ತನ್ನ ಜೀವ ಉಳಿಸಿಕೊಳ್ಳಲು ಹೊಡೆದನೇ ಎಂಬ ಪ್ರಶ್ನೆ ಏಳುತ್ತದೆ. ದುಭಾಷಿ ಅದನ್ನು ಡ್ರೈವರ್ ಕೈಗೆ ಕೊಟ್ಟದ್ದಷ್ಟೇ ಅಲ್ಲ, ಕೊಯ್ತಾದಿಂದಲೇ ಹೊಡೆದ ಎಂದೂ ಸೇರಿಸಿದರು. ಆಕೆ ಹಾಗೆ ಹೇಳಲೇ ಇಲ್ಲ.

"ಅಂತೆ" ಎಂಬ ಪುಟ್ಟ ಪದ

ಎಲ್ಲಕ್ಕಿಂತ ದೊಡ್ಡ ನಷ್ಟ ಕೊನೆಯ ಪದದಲ್ಲಿ ಆಗಿದೆ: "ಮ್ಹಣೇ". ಕನ್ನಡದಲ್ಲಿ ಇದಕ್ಕೆ ಸರಿಯಾದ ಜೋಡಿ ನಮ್ಮ "ಅಂತೆ". "ಕೊಯ್ತಾ ಅವನ ಕೈಯಲ್ಲಿತ್ತು" ಎಂದರೆ ಕಣ್ಣಾರೆ ಕಂಡದ್ದು. "ಕೈಯಲ್ಲಿತ್ತಂತೆ" ಎಂದರೆ ಯಾರೋ ಹೇಳಿ ತಿಳಿದದ್ದು.

ಮನೆಯಲ್ಲಿ ಕೂತು ಮಾತಾಡುವಾಗ ನಾವು ಈ ವ್ಯತ್ಯಾಸವನ್ನು ಯೋಚನೆ ಮಾಡದೆಯೇ ಪಾಲಿಸುತ್ತೇವೆ. "ಅವರ ಮಗಳ ಮದುವೆ ಗೊತ್ತಾಯಿತು" ಎನ್ನುವವರು ಬೇರೆ, "ಗೊತ್ತಾಯಿತಂತೆ" ಎನ್ನುವವರು ಬೇರೆ. ಕೋರ್ಟಿನಲ್ಲಿ ಇದೇ ವ್ಯತ್ಯಾಸಕ್ಕೆ ಕಾನೂನಿನ ತೂಕವಿದೆ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 55ರ ಪ್ರಕಾರ ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು. ಕಂಡ ಸಂಗತಿಯನ್ನು ಕಂಡವರೇ ಹೇಳಬೇಕು, ಕೇಳಿದ ಸಂಗತಿಯನ್ನು ಕೇಳಿದವರೇ ಹೇಳಬೇಕು. ಇನ್ನೊಬ್ಬರು ಹೇಳಿದ್ದನ್ನು ತಂದು ಹೇಳುವುದಕ್ಕೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬೆಲೆ ಇಲ್ಲ.

ಆದ್ದರಿಂದ "ಮ್ಹಣೇ" ಎಂಬ ಒಂದು ಪದ ಬಿಟ್ಟರೆ ಸಾಕು, ಕೇಳಿದ ಮಾತು ಕಂಡ ಮಾತಾಗುತ್ತದೆ. ಆರೋಪಿಯ ವಕೀಲರಿಗೆ ಮರಾಠಿ ಬಾರದಿದ್ದರೆ ಅವರು ಆಕ್ಷೇಪ ಎತ್ತುವುದೂ ಇಲ್ಲ, ಯಾಕೆಂದರೆ ಆಕ್ಷೇಪ ಎತ್ತುವಂಥದ್ದು ಅವರ ಕಿವಿಗೆ ಬೀಳುವುದೇ ಇಲ್ಲ.

ಈಗ ಇದೇ ತಪ್ಪು ಮೊದಲೇ, ಪೊಲೀಸ್ ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗಲೇ ಆಗಿತ್ತು ಎಂದುಕೊಳ್ಳಿ. ಅಲ್ಲಿ ಕನ್ನಡದಲ್ಲಿ "ಕೊಯ್ತಾದಿಂದ ಹೊಡೆದದ್ದನ್ನು ನೋಡಿದೆ" ಎಂದು ಬರೆದಿದೆ. ಕೋರ್ಟಿನಲ್ಲಿ ಒಳ್ಳೆಯ ದುಭಾಷಿ ಸಿಕ್ಕು "ಕೈಯಲ್ಲಿತ್ತಂತೆ" ಎಂದು ಸರಿಯಾಗಿ ಹೇಳಿದರು. ಆಗ ಸರ್ಕಾರಿ ವಕೀಲರು ಪೊಲೀಸ್ ಹೇಳಿಕೆ ಮುಂದಿಟ್ಟು, ಸಾಕ್ಷಿ ತಿರುಗಿಬಿದ್ದಿದ್ದಾಳೆ, ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಿ ಪಾಟೀ ಸವಾಲಿಗೆ ಅನುಮತಿ ಕೊಡಿ ಎಂದು ಕೇಳಬಹುದು. ಸಂಜೆಗೆ ಮೊಬೈಲಿನಲ್ಲಿ "ಸಾಕ್ಷಿ ಉಲ್ಟಾ" ಎಂಬ ಸುದ್ದಿ ಓಡಾಡುತ್ತದೆ. ಆ ಹೆಣ್ಣುಮಗಳು ಎರಡೂ ಕಡೆ ಒಂದೇ ಮಾತು ಹೇಳಿದ್ದಳು.

ಹಾಗಾದರೆ ಸರಿಯಾದ ದುಭಾಷಿ ಏನು ಮಾಡುತ್ತಾರೆ?

ಮೊದಲು ಪ್ರಮಾಣ. 1969ರ ಪ್ರಮಾಣಗಳ ಕಾಯ್ದೆಯ ಪ್ರಕಾರ ಸಾಕ್ಷಿಯ ಹಾಗೆಯೇ ದುಭಾಷಿಯೂ ಪ್ರಮಾಣ ಮಾಡಬೇಕು. ಸಾಕ್ಷಿಗೆ ಕೇಳಿದ ಎಲ್ಲ ಪ್ರಶ್ನೆಗಳನ್ನೂ, ಸಾಕ್ಷಿ ಕೊಟ್ಟ ಉತ್ತರಗಳನ್ನೂ ಸತ್ಯವಾಗಿ ಭಾಷಾಂತರಿಸುತ್ತೇನೆ ಎಂಬುದು ಅದರ ತಿರುಳು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 317 ಕೂಡ ಇದನ್ನೇ ಹೇಳುತ್ತದೆ. ಗೊತ್ತಿದ್ದೂ ಸುಳ್ಳು ಭಾಷಾಂತರ ಮಾಡಿದರೆ ಅದು ಸುಳ್ಳು ಸಾಕ್ಷ್ಯ ಕೊಟ್ಟ ಹಾಗೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 227ರಲ್ಲಿ ದುಭಾಷಿಯ ಉದಾಹರಣೆಯನ್ನೇ ಕೊಡಲಾಗಿದೆ, ಶಿಕ್ಷೆ 7 ವರ್ಷದವರೆಗೂ ಹೋಗಬಹುದು. ಇಲ್ಲಿ "ಗೊತ್ತಿದ್ದೂ" ಎಂಬುದು ಮುಖ್ಯ, ಪ್ರಾಮಾಣಿಕವಾಗಿ ಆದ ತಪ್ಪು ಅಪರಾಧವಲ್ಲ.

ಎರಡನೆಯದು, "ನಾನು" ಎಂದೇ ಹೇಳುವುದು. ಸಾಕ್ಷಿ "ಮೀ" ಎಂದರೆ ದುಭಾಷಿ "ನಾನು" ಎನ್ನಬೇಕು. "ಆಕೆ ಹೀಗೆ ಅಂತಾಳೆ" ಎನ್ನಬಾರದು. ಕೇಳಲು ವಿಚಿತ್ರ ಅನ್ನಿಸಿದರೂ ಇದಕ್ಕೆ ಕಾರಣವಿದೆ. "ಆಕೆ ಹೇಳ್ತಾಳೆ" ಎಂದು ಶುರು ಮಾಡಿದ ಕೂಡಲೇ ನಾವು ವರದಿ ಒಪ್ಪಿಸುವವರಾಗುತ್ತೇವೆ, ವರದಿ ಒಪ್ಪಿಸುವವರು ತಮಗೆ ತಿಳಿಯದೆಯೇ ಮೊಟಕು ಮಾಡುತ್ತಾರೆ. ದುಭಾಷಿ ತನ್ನ ಸ್ವಂತ ಮಾತು ಆಡಬೇಕಾದಾಗ "ದುಭಾಷಿಯ ವಿನಂತಿ" ಎಂದು ಬೇರೆ ಮಾಡಿ ಹೇಳಿದರೆ, ಯಾವುದು ಸಾಕ್ಷಿಯ ಮಾತು, ಯಾವುದು ದುಭಾಷಿಯ ಮಾತು ಎಂಬ ಗೊಂದಲ ಉಳಿಯುವುದಿಲ್ಲ.

ಮೂರನೆಯದು, ಸಣ್ಣ ಸಣ್ಣ ತುಂಡುಗಳಲ್ಲಿ ಹೇಳಿಸುವುದು. ಸಾಕ್ಷಿ ಉದ್ದಕ್ಕೆ ಮಾತಾಡಿಕೊಂಡು ಹೋದರೆ ಯಾರ ನೆನಪಿನಲ್ಲೂ ಪೂರ್ತಿ ನಿಲ್ಲುವುದಿಲ್ಲ. ನೆನಪು ಕೈಕೊಟ್ಟಲ್ಲಿ ಮನಸ್ಸು ತಾನೇ ತೇಪೆ ಹಾಕುತ್ತದೆ. ಅದಕ್ಕೆ ಎರಡು ಮೂರು ವಾಕ್ಯಕ್ಕೊಮ್ಮೆ ನಿಲ್ಲುವಂತೆ ಶುರುವಿನಲ್ಲೇ ನ್ಯಾಯಾಧೀಶರ ಅನುಮತಿಯಿಂದ ಸಾಕ್ಷಿಗೆ ತಿಳಿಸಬೇಕು. ಹೆಸರು, ಸಂಖ್ಯೆ, ದಿಕ್ಕು ಬಂದರೆ ಚೀಟಿಯಲ್ಲಿ ಬರೆದುಕೊಳ್ಳಬೇಕು.

ನಾಲ್ಕನೆಯದು, ಎರಡು ಅರ್ಥ ಬಂದರೆ ತಾನೇ ಆರಿಸದೆ ಕೇಳುವುದು. "ಮಾರಲಂ" ಬಂದಾಗ ದುಭಾಷಿ ಹೀಗೆ ಹೇಳಬೇಕು: "ಸಾಹೇಬರೇ, ದುಭಾಷಿಯ ವಿನಂತಿ. ಸಾಕ್ಷಿ ಬಳಸಿದ ಮಾರಲಂ ಎಂಬ ಪದಕ್ಕೆ ಹೊಡೆದ ಎಂದೂ ಕೊಂದ ಎಂದೂ ಅರ್ಥವಿದೆ." ಮುಂದೇನು ಕೇಳಬೇಕೆಂದು ತೀರ್ಮಾನಿಸುವವರು ನ್ಯಾಯಾಧೀಶರು. ದುಭಾಷಿ ತಾನೇ ಸಾಕ್ಷಿಯತ್ತ ತಿರುಗಿ "ಬಾಯಿ, ಹೊಡೆದದ್ದಾ, ಕೊಂದದ್ದಾ?" ಎಂದು ಕೇಳಿದರೆ ಅದು ಹೊಸ ಪ್ರಶ್ನೆ. ಪ್ರಶ್ನೆ ಕೇಳುವ ಹಕ್ಕು ದುಭಾಷಿಗಿಲ್ಲ. ಆದರೆ "ತ್ಯಾಚ್ಯಾ ಹಾತಾತ" ವಿಷಯದಲ್ಲಿ ಕೇಳುವ ಅಗತ್ಯವೂ ಇಲ್ಲ. ಕನ್ನಡದಲ್ಲೂ "ಅವನ ಕೈಯಲ್ಲಿ" ಎಂದರೆ ಅದೇ ಮಸುಕು ಉಳಿಯುತ್ತದೆ. ಮಸುಕನ್ನು ಮಸುಕಾಗಿಯೇ ದಾಟಿಸಿದರೆ ಅದನ್ನು ಬಿಡಿಸುವ ಕೆಲಸ ವಕೀಲರು ಮಾಡುತ್ತಾರೆ.

ಹಾಗೆ ಮಾಡಿದ ದುಭಾಷಿಯ ಬಾಯಲ್ಲಿ ಅದೇ ಉತ್ತರ ಹೀಗೆ ಬರುತ್ತದೆ: "ಹೊತ್ತು ಮುಳುಗುತ್ತಿತ್ತು. ನಾನು ಹೊರೆ ಕಟ್ಟುತ್ತಿದ್ದೆ. ಚೀರಾಟ ಕೇಳಿಬಂತು. ಡ್ರೈವರ್ ಮುಕಾದಮನನ್ನು…" ಇಲ್ಲಿ ನಿಂತು ವಿನಂತಿ, ಸ್ಪಷ್ಟನೆ ಆದ ಮೇಲೆ ಸಾಕ್ಷಿ ಹೇಳಿದ ಪದ, ಬಳಿಕ "ಕೊಯ್ತಾ ಅವನ ಕೈಯಲ್ಲಿತ್ತಂತೆ." ಮೊದಲಿನದಕ್ಕಿಂತ ಇದು ಒರಟು. ಆದರೆ ಇದು ಆಕೆಯ ಮಾತು.

ಸಾಕ್ಷಿ ತಪ್ಪು ಹೇಳುತ್ತಿದ್ದಾರೆ ಎಂದು ಗೊತ್ತಿದ್ದರೂ?

ಹೌದು, ಗೊತ್ತಿದ್ದರೂ ತಿದ್ದಬಾರದು. ಘಟನೆ ನಡೆದದ್ದು ಬುಧವಾರ ಎಂದು ಇಡೀ ಕೋರ್ಟಿಗೆ ಗೊತ್ತು. ಸಾಕ್ಷಿ "ಮಂಗಳವಾರ" ಎನ್ನುತ್ತಾಳೆ. ದುಭಾಷಿ ಕರುಣೆಯಿಂದ "ಬುಧವಾರ" ಎಂದುಬಿಟ್ಟರೆ ಸಾಕ್ಷಿಯ ನೆನಪು ಎಷ್ಟು ಗಟ್ಟಿ ಎಂಬುದನ್ನು ತೂಗುವ ಅವಕಾಶ ತಪ್ಪುತ್ತದೆ. ತಪ್ಪು ದಿನ ಹೇಳಿದ ಕೂಡಲೇ ಸಾಕ್ಷಿ ಸುಳ್ಳಿ ಎಂದೇನೂ ಆಗುವುದಿಲ್ಲ. ಸಣ್ಣಪುಟ್ಟ ತಪ್ಪುಗಳು ಸಹಜ ಎಂದು ನ್ಯಾಯಾಲಯಗಳೂ ಒಪ್ಪುತ್ತವೆ. ಆದರೆ ಅದನ್ನು ತೂಗಬೇಕಾದವರು ನ್ಯಾಯಾಧೀಶರು.

ಸಾರಾಂಶದ ಮಾತೂ ಹೀಗೆಯೇ. "ಕೋರ್ಟಿನಲ್ಲಿ ಹೇಗೂ ಪ್ರತಿ ಪದ ಬರೆಯುವುದಿಲ್ಲವಲ್ಲ?" ಎಂದು ನೀವು ಕೇಳಬಹುದು. ನಿಜ. ಸೆಷನ್ಸ್ ನ್ಯಾಯಾಲಯದಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಬರೆಯದೆ ನಿರೂಪಣೆಯ ರೂಪದಲ್ಲಿ ಬರೆದುಕೊಳ್ಳುತ್ತಾರೆ. ಸಣ್ಣ ಪ್ರಕರಣಗಳಲ್ಲಿ ಮ್ಯಾಜಿಸ್ಟ್ರೇಟರು ಸಾಕ್ಷ್ಯದ ತಿರುಳನ್ನಷ್ಟೇ ಬರೆದುಕೊಳ್ಳಲೂ ಕಾನೂನಿನಲ್ಲಿ ಅವಕಾಶವಿದೆ. ಆದರೆ ಈ ಅಧಿಕಾರ ಇರುವುದು ನ್ಯಾಯಾಧೀಶರಿಗೆ, ಅದೂ ಪೂರ್ತಿ ಮಾತು ಕೇಳಿದ ಮೇಲೆ. ದುಭಾಷಿ ಮೊದಲೇ ಸೋಸಿಬಿಟ್ಟರೆ ನ್ಯಾಯಾಧೀಶರ ಕೈಗೆ ಬರುವುದು ಸೋಸಿದ್ದರ ಸಾರಾಂಶ. ಏನು ಸೋಸಿ ಹೋಯಿತೆಂದು ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಮಾತಿನ ಧಾಟಿಗೂ ಇದೇ ನಿಯಮ. ಸಾಕ್ಷಿ "ಅದು… ಹಂಗ ಅನಸ್ತದ… ಇರಬೇಕು" ಎಂದು ತಡವರಿಸಿದರೆ ದುಭಾಷಿಯೂ "ಹಾಗೆ ಅನ್ನಿಸುತ್ತದೆ, ಇರಬೇಕು" ಎಂದೇ ಹೇಳಬೇಕು. ಇದು ಬರೀ ಶಿಷ್ಟಾಚಾರವಲ್ಲ. ಅಮೆರಿಕದ ನ್ಯಾಯಾಲಯಗಳಲ್ಲಿ ಸ್ಪ್ಯಾನಿಷ್ ದುಭಾಷಿಗಳ ಕೆಲಸವನ್ನು ಅಧ್ಯಯನ ಮಾಡಿದ ಭಾಷಾವಿಜ್ಞಾನಿ ಸೂಸನ್ ಬರ್ಕ್-ಸೆಲಿಗ್ಸನ್ ಅವರು 1990ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಒಂದೇ ಸಾಕ್ಷ್ಯವನ್ನು ದುಭಾಷಿ ವಿನಯದ ಮಾತು ಸೇರಿಸಿ ಹೇಳಿದಾಗ ಒಂದು ಬಗೆ, ಅದನ್ನು ಬಿಟ್ಟು ಹೇಳಿದಾಗ ಇನ್ನೊಂದು ಬಗೆ. ಕೇಳುವವರು ಸಾಕ್ಷಿಯನ್ನು ಎಷ್ಟು ನಂಬುತ್ತಾರೆ ಎಂಬುದೇ ಬದಲಾಯಿತು. ಸಂಗತಿ ಒಂದೇ, ಬದಲಾದದ್ದು ದುಭಾಷಿಯ ಧಾಟಿ ಮಾತ್ರ.

ಹಾಗಂತ ಪದಕ್ಕೆ ಪದ ಇಟ್ಟರೆ ಆಯಿತೇ?

ಇಲ್ಲ, ಅದು ಇನ್ನೊಂದು ತಪ್ಪು ನಂಬಿಕೆ. ಮರಾಠಿಯಲ್ಲಿ "ತ್ಯಾನಂ ಹಾತ ವರ ಕೇಲೇ" ಎನ್ನುತ್ತಾರೆ. ಪದಕ್ಕೆ ಪದ ಇಟ್ಟರೆ "ಅವನು ಕೈ ಮೇಲೆತ್ತಿದ" ಎಂದಾಗುತ್ತದೆ. ಕನ್ನಡದಲ್ಲಿ ಯಾರ ಮೇಲಾದರೂ ಕೈ ಎತ್ತಿದ ಎಂದರೆ ಹೊಡೆಯಲು ಹೋದ ಎಂದೂ ಅರ್ಥ. ಆದರೆ ಮರಾಠಿಯ ಆ ನುಡಿಗಟ್ಟಿನ ಅರ್ಥ "ತನಗೆ ಸಂಬಂಧವಿಲ್ಲ ಎಂದು ಜಾರಿಕೊಂಡ" ಎಂದು. ಪದ ಉಳಿಸಲು ಹೋಗಿ ಜಾರಿಕೊಂಡವನನ್ನು ಹಲ್ಲೆಕೋರನನ್ನಾಗಿ ಮಾಡಿದಂತಾಯಿತು. ಇಂಥ ಕಡೆ ಅರ್ಥವನ್ನೇ ಕೊಡಬೇಕು. ಸಾಕ್ಷಿ ನಿಜವಾಗಿ ಕೈ ಎತ್ತಿದ್ದನ್ನೇ ಹೇಳುತ್ತಿದ್ದಾಳೋ, ನುಡಿಗಟ್ಟು ಬಳಸುತ್ತಿದ್ದಾಳೋ ಎಂಬ ಸಂಶಯವಿದ್ದರೆ ಮತ್ತೆ ನ್ಯಾಯಾಧೀಶರಿಗೆ ವಿನಂತಿ.

ಸಂಬಂಧದ ಪದಗಳಲ್ಲಿ ಇನ್ನೊಂದು ತೊಡಕಿದೆ. ಮರಾಠಿಯ "ಭಾವೂ" ಎಂದರೆ ಅಣ್ಣನೂ ಆಗಬಹುದು, ತಮ್ಮನೂ ಆಗಬಹುದು. ನಮ್ಮ ಆಡುಮಾತು ಅಣ್ಣನೋ ತಮ್ಮನೋ ಎಂದು ಹೇಳಲು ಒತ್ತಾಯಿಸುತ್ತದೆ. ದುಭಾಷಿ "ಅಣ್ಣ" ಎಂದುಬಿಟ್ಟರೆ ಇಲ್ಲದ ಮಾಹಿತಿ ಸೇರಿತು. ಆಡುಮಾತಿಗೆ ಸ್ವಲ್ಪ ಬಿಗಿಯಾದರೂ "ಸಹೋದರ" ಎಂಬ ಪದ ಇಲ್ಲಿ ಕೈಹಿಡಿಯುತ್ತದೆ.

ಇದೇ ಬಗೆಯ ತೊಡಕು ಮುಂದೆ ಮೇಲ್ಮನವಿಯಲ್ಲೂ ಎದುರಾಗುತ್ತದೆ. ಬೆಳಗಾವಿ ಜಿಲ್ಲೆಯ ಪ್ರಕರಣಗಳು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುತ್ತವೆ, ಅಲ್ಲಿನ ಭಾಷೆ ಇಂಗ್ಲಿಷ್. ಕನ್ನಡದಲ್ಲಿ "ಅವರು ಬಂದರು" ಎಂದರೆ ಗೌರವದ ಒಬ್ಬರೂ ಆಗಬಹುದು, ಹಲವರೂ ಆಗಬಹುದು. ಇಂಗ್ಲಿಷಿಗೆ ಹೋಗುವಾಗ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಐದು ಅಥವಾ ಹೆಚ್ಚು ಜನ ಸೇರಿದರೆ ಅಕ್ರಮ ಕೂಟದ ಆರೋಪ ಬರಬಹುದಾದ ಕಾನೂನಿನಲ್ಲಿ ಒಬ್ಬರೋ ಹಲವರೋ ಎಂಬುದು ಚಿಲ್ಲರೆ ವಿಷಯವಲ್ಲ.

ದುಭಾಷಿ ಯಾರಾಗಬಾರದು?

ದುಭಾಷಿ ಎಂಬ ಪದದಿಂದಲೇ ಹುಟ್ಟಿದ "ದುಬಾಷ್" ಎಂಬವರು ಹಿಂದೆ ಮದ್ರಾಸಿನಲ್ಲಿ ಕಂಪನಿಯ ವ್ಯಾಪಾರಿಗಳಿಗೂ ಊರಿನವರಿಗೂ ನಡುವೆ ನಿಲ್ಲುತ್ತಿದ್ದರು. ಅವರು ಬರೀ ಮಾತು ದಾಟಿಸುವವರಲ್ಲ, ವ್ಯವಹಾರದಲ್ಲಿ ಪಾಲಿರುವ ದಲ್ಲಾಳಿಗಳೂ ಆಗಿದ್ದರು. ಕೋರ್ಟಿನ ದುಭಾಷಿ ಇದಕ್ಕೆ ತೀರಾ ವಿರುದ್ಧ. ಪ್ರಕರಣದ ಫಲಿತಾಂಶದಲ್ಲಿ ಆತನಿಗೆ ಯಾವ ಪಾಲೂ ಇರಬಾರದು.

2012ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ರಾಜಸ್ಥಾನ ಸರ್ಕಾರ ವಿರುದ್ಧ ದರ್ಶನ್ ಸಿಂಗ್ ಪ್ರಕರಣ ಇದಕ್ಕೆ ದೊಡ್ಡ ಪಾಠ. ಕೊಲೆಯಾದವನ ಹೆಂಡತಿಯೇ ಸಾಕ್ಷಿ. ಆಕೆಗೆ ಕಿವಿ ಕೇಳದು, ಮಾತು ಬಾರದು. ಆಕೆಯ ಸನ್ನೆಗಳನ್ನು ಕೋರ್ಟಿಗೆ ಬಿಡಿಸಿ ಹೇಳಿದವರು ಆಕೆಯ ತಂದೆ. ಮಗಳ ಸನ್ನೆ ತಂದೆಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು ನಮಗೂ ಅನ್ನಿಸಬಹುದು. ಆದರೆ ಆ ತಂದೆ ಪ್ರಕರಣದಲ್ಲಿ ಆಸಕ್ತಿ ಇದ್ದವರು, ಅವರಿಂದ ಪ್ರಮಾಣವನ್ನೂ ಮಾಡಿಸಿರಲಿಲ್ಲ. ಆ ಸಾಕ್ಷ್ಯವನ್ನು ನಂಬಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು, ಹೈಕೋರ್ಟ್ ಕೊಟ್ಟಿದ್ದ ಬಿಡುಗಡೆ ಉಳಿಯಿತು. ದುಭಾಷಿ ಸಾಕ್ಷಿಯ ಪರಿಸರ ಬಲ್ಲವರಾಗಿರಬೇಕು, ಆದರೆ ಪ್ರಕರಣದಲ್ಲಿ ಆಸಕ್ತಿ ಇರಬಾರದು, ಪ್ರಮಾಣ ಮಾಡಿರಬೇಕು, ಅವರು ಹೇಳಿದ ಅರ್ಥದ ಜೊತೆಗೆ ಸಾಕ್ಷಿ ಮಾಡಿದ ಸನ್ನೆಯನ್ನೂ ಬರೆದುಕೊಳ್ಳಬೇಕು ಎಂಬುದು ಆ ತೀರ್ಪಿನ ಸಾರ. ಈಗ ಮಾತು ಬಾರದ ಸಾಕ್ಷಿಯ ಹೇಳಿಕೆಯನ್ನು ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವಿನಿಂದ ಪಡೆದು ವಿಡಿಯೋ ಮಾಡಬೇಕೆಂದು ಕಾನೂನೇ ಹೇಳುತ್ತದೆ.

ಸನ್ನೆಯನ್ನೂ ಬರೆದುಕೊಳ್ಳಿ ಎಂಬ ಮಾತಿನ ಹಿಂದಿನ ತರ್ಕ ಸರಳ. ಮೂಲ ಉಳಿದರೆ ಭಾಷಾಂತರ ಸರಿಯೋ ತಪ್ಪೋ ಎಂದು ಮುಂದೆ ನೋಡಬಹುದು. ಮೂಲವೇ ಉಳಿಯದಿದ್ದರೆ ಭಾಷಾಂತರವೇ ಸತ್ಯವಾಗಿಬಿಡುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 312 ಕೂಡ ಇದೇ ದಾರಿ ಹಿಡಿದಿದೆ. ಸಾಕ್ಷಿ ಕೋರ್ಟಿನ ಭಾಷೆಯಲ್ಲಿ ಮಾತಾಡದಿದ್ದರೆ, ಸಾಧ್ಯವಿದ್ದಲ್ಲಿ ಅವರ ಭಾಷೆಯಲ್ಲೇ ಬರೆದುಕೊಳ್ಳಬೇಕು, ಸಾಧ್ಯವಾಗದಿದ್ದರೆ ಮಾತ್ರ ವಿಚಾರಣೆ ನಡೆದಂತೆ ಸರಿಯಾದ ಭಾಷಾಂತರ ತಯಾರಿಸಬೇಕು. ಇದೇ ನಿಯಮ ಹಳೆಯ ಕಾನೂನಿನಲ್ಲಿ ಕಲಂ 277 ಆಗಿತ್ತು. ಅದನ್ನು ಪಾಲಿಸುತ್ತಿಲ್ಲವೆಂದು 2023ರ ಜನವರಿಯಲ್ಲಿ ದೆಹಲಿಯ ನಯೀಮ್ ಅಹಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿ ತೋರಿಸಿತು. ಸಾಕ್ಷಿ ತನ್ನ ಭಾಷೆಯಲ್ಲಿ ಮಾತಾಡಿದ್ದರೂ ದಾಖಲಾದದ್ದು ಇಂಗ್ಲಿಷಿನಲ್ಲಿ ಮಾತ್ರ. ಹಾಗೆ ಮಾಡಕೂಡದು ಎಂದು ಕೋರ್ಟ್ ಹೇಳಿತು.

ನೀವೇ ಸಾಕ್ಷಿಯಾದರೆ ಗಮನಿಸಬೇಕಾದದ್ದು

ಭಾಷಾಂತರ ಹಾದಿ ತಪ್ಪಿದೆ ಎಂದು ತಿಳಿಯಲು ಎರಡೂ ಭಾಷೆ ಬರಬೇಕೆಂದಿಲ್ಲ. ನೀವು ಒಂದು ನಿಮಿಷ ಮಾತಾಡಿದ್ದು ಆ ಕಡೆ ಒಂದೇ ಸಾಲಾಗಿ ಹೋದರೆ ಅನುಮಾನಪಡಿ. ನೀವು "ಇಲ್ಲ" ಎಂದಷ್ಟೇ ಹೇಳಿದ್ದು ಉದ್ದದ ಮಾತಾಗಿ ಹೋದರೂ ಅಷ್ಟೇ. ದುಭಾಷಿ ನಿಮ್ಮೊಡನೆ ತಾನೇ ನಾಲ್ಕು ಮಾತಾಡಿ, ಆಮೇಲೆ ಕೋರ್ಟಿಗೆ ಒಂದು ಮಾತು ಹೇಳಿದರೆ ನಡುವೆ ಏನೋ ಸೋರಿದೆ. ಹಾಗಾದಾಗ ದುಭಾಷಿಯೊಡನೆ ಜಗಳ ಬೇಡ, ನೇರವಾಗಿ ನ್ಯಾಯಾಧೀಶರಿಗೆ ಹೇಳಿ.

ಕೊನೆಯ ಕಾವಲು ಇರುವುದು ಹೇಳಿಕೆಯನ್ನು ಓದಿ ಹೇಳುವ ಹೊತ್ತಿನಲ್ಲಿ. ಕಲಂ 313ರ ಪ್ರಕಾರ ದಾಖಲಿಸಿದ ಸಾಕ್ಷ್ಯವನ್ನು ಸಾಕ್ಷಿಗೆ ಓದಿ ಹೇಳಬೇಕು, ದಾಖಲೆಯ ಭಾಷೆ ಸಾಕ್ಷಿಗೆ ತಿಳಿಯದಿದ್ದರೆ ತಿಳಿಯುವ ಭಾಷೆಯಲ್ಲಿ ಬಿಡಿಸಿ ಹೇಳಬೇಕು. "ಓದಿ ಹೇಳಲಾಯಿತು, ಸರಿ ಇದೆ" ಎಂಬ ಸಾಲಿನ ಅರ್ಥ ಇದೇ. ಸರಿ ಇಲ್ಲ ಎಂದು ನೀವು ಹೇಳಿದರೆ ನ್ಯಾಯಾಧೀಶರು ತಿದ್ದಬಹುದು, ಅಥವಾ ತಿದ್ದದೆ ನಿಮ್ಮ ಆಕ್ಷೇಪವನ್ನು ಬರೆದು ತಮ್ಮ ಟಿಪ್ಪಣಿ ಸೇರಿಸಬಹುದು. ಹೇಗಿದ್ದರೂ ನಿಮ್ಮ ಆಕ್ಷೇಪ ದಾಖಲೆಯಲ್ಲಿ ಉಳಿಯುತ್ತದೆ. ಬಸ್ಸಿಗೆ ಹೊತ್ತಾಯಿತೆಂದು ಕೇಳದೆ ಸಹಿ ಅಥವಾ ಹೆಬ್ಬೆಟ್ಟು ಒತ್ತಿ ಬಂದರೆ ಈ ಕಾವಲು ಇದ್ದೂ ಇಲ್ಲದಂತೆ. ಕೂಲಿ ಗ್ಯಾಂಗಿನ ಸಾಕ್ಷಿ ಹಂಗಾಮು ಮುಗಿದು ಊರಿಗೆ ಮರಳಿದ ಮೇಲೆ ಅದನ್ನು ಸರಿಪಡಿಸುವುದು ಸುಲಭವಲ್ಲ.

ಆರೋಪಿಗೂ ಇಂಥದೇ ರಕ್ಷಣೆ ಇದೆ. ತನಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ತೆರೆದ ನ್ಯಾಯಾಲಯದಲ್ಲಿ ತನಗೆ ತಿಳಿಯುವ ಭಾಷೆಯಲ್ಲಿ ಹೇಳಿಸಿಕೊಳ್ಳುವ ಹಕ್ಕನ್ನು ಕಲಂ 314 ಕೊಡುತ್ತದೆ.

ಇನ್ನು ಮುಂದೆ "ಸಾಕ್ಷಿ ಉಲ್ಟಾ ಹೊಡೆದ" ಎಂಬ ಸಂದೇಶ ಬಂದರೆ ಮುಂದಕ್ಕೆ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಸಾಕ್ಷಿ ಯಾವ ಭಾಷೆಯಲ್ಲಿ ಮಾತಾಡಿದ್ದರು, ಮೊದಲ ಹೇಳಿಕೆಯನ್ನು ಯಾವ ಭಾಷೆಯಲ್ಲಿ ಬರೆದುಕೊಂಡಿದ್ದರು? ಎರಡೂ ಬೇರೆ ಬೇರೆ ಆಗಿದ್ದರೆ, ತಿರುಗಿಬಿದ್ದದ್ದು ಸಾಕ್ಷಿಯೋ ಭಾಷಾಂತರವೋ ಎಂಬುದನ್ನು ಆ ಸಂದೇಶವಂತೂ ಹೇಳಲಾರದು.